ಎರಡು ಲೂಪ್ ಇದ್ದರೆ n² ಆಗಲೇಬೇಕಾ? ಕೋಡ್ ತುಣುಕಿನ ಟೈಮ್ ಕಾಂಪ್ಲೆಕ್ಸಿಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದಲ್ಲಿ ಇಂಜಿನಿಯರಿಂಗ್ ನಾಲ್ಕನೇ ಸೆಮಿಸ್ಟರ್ ಮಕ್ಕಳಿಗೆ ಅಲ್ಗಾರಿದಮ್ಸ್ ಪಾಠ ಮಾಡುತ್ತೇನೆ. ಇಂಟರ್ನಲ್ಸ್ ಹತ್ತಿರ ಬಂದಾಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಮಕ್ಕಳು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಮರ್ಜ್ ಸಾರ್ಟ್, ಕ್ವಿಕ್ ಸಾರ್ಟ್ ಎಲ್ಲರೂ ಬಾಯಿಪಾಠ ಮಾಡಿಕೊಂಡು ಬಂದಿರುತ್ತಾರೆ. ಆರು ಸಾಲಿನ ಹೊಸ ಕೋಡ್ ಕೊಟ್ಟು "ಇದರ ಟೈಮ್ ಕಾಂಪ್ಲೆಕ್ಸಿಟಿ ಎಷ್ಟು" ಅಂದರೆ ಅಲ್ಲಿ ನಿಂತುಬಿಡುತ್ತಾರೆ. ಅದರಲ್ಲೂ ಒಂದರೊಳಗೊಂದು ಲೂಪ್ ಇರುವ ಪ್ರಶ್ನೆಯಲ್ಲೇ ಜಾಸ್ತಿ ಅಂಕ ಹೋಗುವುದು. ಹಾಗಾಗಿ ಇಲ್ಲಿ ಲೂಪ್‌ಗಳ ವಿಷಯ ಮಾತ್ರ ಇದೆ. ರಿಕರ್ಶನ್ ಇಲ್ಲ.

### ಮೇಡಂ, ಎರಡು ಲೂಪ್ ಒಂದರೊಳಗೊಂದು ಇದ್ದರೆ n² ಅಲ್ವಾ?

ಅಲ್ಲ. ಕೆಲವು ಸಲ ಆಗುತ್ತದೆ, ಅಷ್ಟೇ.

ಲೂಪ್ ಎಷ್ಟಿದೆ ಎಂದು ಎಣಿಸಬೇಡಿ. ತೀರಾ ಒಳಗಿರುವ ಸಾಲು ಒಟ್ಟು ಎಷ್ಟು ಸಲ ಓಡುತ್ತದೆ ಎಂದು ಎಣಿಸಿ. ಎರಡು ಲೂಪ್ ಇದ್ದರೂ ಉತ್ತರ n ಆಗಬಹುದು, n log n ಆಗಬಹುದು, n² ಆಗಬಹುದು. ಮೂರಕ್ಕೂ ಕೆಳಗೆ ಉದಾಹರಣೆ ಇದೆ. ನೋಡೋಕೆ ಮೂರೂ ಒಂದೇ ಥರ ಇರುತ್ತವೆ. ಕಣ್ಣಳತೆಯಲ್ಲಿ ಉತ್ತರ ಬರೆದರೆ ಸಿಕ್ಕಿಬೀಳುವುದು ಅಲ್ಲೇ.

### ಹಾಗಾದರೆ ಕೋಡ್ ಕೈಗೆ ಬಂದ ತಕ್ಷಣ ಏನು ನೋಡಬೇಕು?

ಪ್ರತಿ ಲೂಪಿನಲ್ಲೂ ಮೂರು ವಿಷಯ ನೋಡಿ. ಎಲ್ಲಿಂದ ಶುರು, ಎಲ್ಲಿಗೆ ನಿಲ್ಲುತ್ತದೆ, ಒಂದು ಸಲಕ್ಕೆ ಎಷ್ಟು ಮುಂದೆ ಹೋಗುತ್ತದೆ. ಆಮೇಲೆ ಒಳಗಿನ ಲೂಪಿನ ಈ ಮೂರರಲ್ಲಿ ಎಲ್ಲಾದರೂ ಹೊರಗಿನ `i` ಬಂದಿದೆಯಾ ಎಂದು ಹುಡುಕಿ. ಬಂದಿದ್ದರೆ ಅದಕ್ಕೆ ಸುತ್ತು ಹಾಕಿ.

`i` ಬಂದಿಲ್ಲ ಅಂದರೆ ನೀವು ಗೆದ್ದಂತೆ. ಹೊರಗಿನದು ಎಷ್ಟು ಸಲ, ಒಳಗಿನದು ಎಷ್ಟು ಸಲ, ಎರಡನ್ನೂ ಗುಣಿಸಿ. `i` ಬಂದಿದ್ದರೆ ಗುಣಿಸುವ ಹಾಗಿಲ್ಲ. ಒಂದೊಂದು `i`ಗೂ ಒಳಗಿನ ಲೂಪ್ ಬೇರೆ ಬೇರೆ ಸಲ ಓಡುತ್ತದೆ. ಅಲ್ಲಿ ಕೂಡಬೇಕು. ಗುಣಿಸೋದಾ, ಕೂಡೋದಾ ಅನ್ನುವುದು ಮೊದಲು ಗೊತ್ತಾಗಲಿ. ಉಳಿದದ್ದೆಲ್ಲ ಕೂಡುವ ಲೆಕ್ಕ.

### `j += i` ಅಂತ ಇದ್ದರೆ ಹೇಗೆ? ಇದು ಪ್ರತಿ ಸಲ ತಪ್ಪುತ್ತೆ.

```
for (i = 1; i <= n; i++)
    for (j = 1; j <= n; j += i)
        count++;
```

ಇದನ್ನು ನಿಧಾನವಾಗಿ ನೋಡೋಣ. ಎರಡೂ ಲೂಪ್ n ತನಕ ಹೋಗುತ್ತವೆ. ಹಾಗಾಗಿ ಕೈ ತಾನಾಗಿಯೇ n² ಬರೆಯುತ್ತದೆ. ಆದರೆ ಒಳಗಿನ ಲೂಪಿನ ಹೆಜ್ಜೆಯಲ್ಲಿ `i` ಇದೆ. ಹೊರಗೆ `i` ದೊಡ್ಡದಾದಷ್ಟೂ ಒಳಗೆ `j` ದೊಡ್ಡ ಹೆಜ್ಜೆ ಹಾಕುತ್ತದೆ, ಬೇಗ ಮುಗಿಯುತ್ತದೆ.

ನಮ್ಮ ಕಡೆಯ ಮಕ್ಕಳಿಗೆ ನಾನು ಇದನ್ನು ಟೊಮೆಟೊ ತೋಟದಲ್ಲಿ ನಿಲ್ಲಿಸಿ ಹೇಳುತ್ತೇನೆ. ಒಂದು ಸಾಲಿನಲ್ಲಿ 16 ಗಿಡ ಇವೆ ಅಂದುಕೊಳ್ಳಿ. ಮೊದಲ ದಿನ ಒಂದು ಗಿಡವನ್ನೂ ಬಿಡದೆ ನೋಡುತ್ತೀರಿ. ಎರಡನೇ ದಿನ ಒಂದು ಬಿಟ್ಟು ಒಂದು. ಮೂರನೇ ದಿನ ಎರಡು ಬಿಟ್ಟು ಒಂದು. ಹದಿನಾರನೇ ದಿನ ಮೊದಲ ಗಿಡ ಮಾತ್ರ ನೋಡಿ ಮನೆಗೆ. ಹದಿನಾರು ದಿನ ತೋಟಕ್ಕೆ ಹೋಗಿದ್ದೀರಿ ನಿಜ. ಆದರೆ ಬಗ್ಗಿ ನೋಡಿದ್ದು 16 × 16 = 256 ಸಲ ಅಲ್ಲ.

ಎಷ್ಟು ಸಲ ಅಂತ ಬರೆದೇ ನೋಡೋಣ. ಕಳೆದ ವರ್ಷ ಮಾಲೂರು ಕಡೆಯಿಂದ ಬರುವ ಒಬ್ಬ ಹುಡುಗಿಯ ಕೈಗೆ ಸೀಮೆಸುಣ್ಣ ಕೊಟ್ಟು ಬೋರ್ಡಿನ ಮೇಲೆ ಇದನ್ನೇ ಬರೆಸಿದ್ದೆ. `i` 1 ಇದ್ದಾಗ 16 ಸಲ. 2 ಇದ್ದಾಗ 8. 3 ಇದ್ದಾಗ `j` 1, 4, 7, 10, 13, 16 ಆಗುತ್ತದೆ, ಅಂದರೆ 6 ಸಲ. ಅವಳು ಅಲ್ಲಿ 5 ಎಂದು ಬರೆದು, ಒರೆಸಿ, ಬೆರಳು ಮಡಿಸಿ ಎಣಿಸಿ 6 ಮಾಡಿದಳು. 4ಕ್ಕೂ 5ಕ್ಕೂ 4 ಸಲ. 6ಕ್ಕೂ 7ಕ್ಕೂ 3 ಸಲ. 8ರಿಂದ 15ರವರೆಗೆ ಎಲ್ಲದಕ್ಕೂ ಎರಡೆರಡೇ. 16ಕ್ಕೆ 1. ಕೂಡಿದಾಗ 61 ಬಂತು. "ಇಷ್ಟೇನಾ ಮೇಡಂ" ಎಂದು ಇನ್ನೊಮ್ಮೆ ಕೂಡಿದಳು. ಇಷ್ಟೇ.

ಈಗ n ಹಾಕಿ ಬರೆಯಿರಿ. `i` ಯಾವುದೇ ಇರಲಿ, ಒಳಗಿನ ಲೂಪ್ ಸುಮಾರು n/i ಸಲ ಓಡುತ್ತದೆ. ಹಾಗಾಗಿ ಒಟ್ಟು

```
n/1 + n/2 + n/3 + ... + n/n
= n (1 + 1/2 + 1/3 + ... + 1/n)
```

ಬ್ರಾಕೆಟ್ಟಿನ ಒಳಗಿರುವುದು ಹಾರ್ಮೋನಿಕ್ ಸರಣಿ. ಅದು log n ಥರ ಬೆಳೆಯುತ್ತದೆ. ಉತ್ತರ Θ(n log n).

### ಆ ಸರಣಿ log n ಆಗುತ್ತೆ ಅಂತ ಸುಮ್ನೆ ನಂಬಬೇಕಾ?

ಬೇಡ. ಎರಡು ನಿಮಿಷದ ಕೆಲಸ. ಒಮ್ಮೆ ಕೈಯಾರೆ ಮಾಡಿದರೆ ಮರೆಯುವುದಿಲ್ಲ.

ಭಿನ್ನರಾಶಿಗಳನ್ನು ಗುಂಪು ಮಾಡಿ. ಮೊದಲ ಗುಂಪಿನಲ್ಲಿ 1 ಒಂದೇ. ಎರಡನೇ ಗುಂಪಿನಲ್ಲಿ 1/2, 1/3. ಮೂರನೇ ಗುಂಪಿನಲ್ಲಿ 1/4ರಿಂದ 1/7ರವರೆಗೆ ನಾಲ್ಕು. ನಾಲ್ಕನೇ ಗುಂಪಿನಲ್ಲಿ 1/8ರಿಂದ 1/15ರವರೆಗೆ ಎಂಟು. ಮೂರನೇ ಗುಂಪನ್ನೇ ತಗೊಳ್ಳಿ. ನಾಲ್ಕರಲ್ಲಿ ಯಾವುದೂ 1/4ಕ್ಕಿಂತ ದೊಡ್ಡದಲ್ಲ, ಹಾಗಾಗಿ ಕೂಡಿದರೆ 1 ದಾಟುವುದಿಲ್ಲ. ಯಾವುದೂ 1/8ಕ್ಕಿಂತ ಚಿಕ್ಕದಲ್ಲ, ಹಾಗಾಗಿ ಅರ್ಧಕ್ಕಿಂತ ಕೆಳಗೆ ಇಳಿಯುವುದಿಲ್ಲ. ಪ್ರತಿ ಗುಂಪಿನದೂ ಇದೇ ಕಥೆ. ಒಂದೊಂದು ಗುಂಪೂ ಅರ್ಧಕ್ಕೂ ಒಂದಕ್ಕೂ ನಡುವೆ.

ಇನ್ನು ಗುಂಪು ಎಷ್ಟು? ಗುಂಪಿನ ಗಾತ್ರ ಪ್ರತಿ ಸಲ ಎರಡು ಪಟ್ಟು ಆಗುತ್ತಿದೆ. ಎರಡು ಪಟ್ಟು ಮಾಡುತ್ತಾ n ಮುಟ್ಟಲು ಸುಮಾರು log n ಹೆಜ್ಜೆ ಸಾಕು. ಅಷ್ಟು ಗುಂಪು, ಒಂದೊಂದೂ ಹೆಚ್ಚೆಂದರೆ 1. ಆಯ್ತಲ್ಲ.

### `i *= 2` ಕಂಡರೆ log n ಬರಲೇಬೇಕಲ್ವಾ? ಇದರಲ್ಲಿ ಯಾಕೆ ಬರೀ n?

```
for (i = 1; i <= n; i *= 2)
    for (j = 1; j <= i; j++)
        count++;
```

ಇದು ಅತಿ ಹೆಚ್ಚು ಮಕ್ಕಳು ಬೀಳುವ ಗುಂಡಿ. ತಪ್ಪು ದಾರಿ ಎಷ್ಟು ಸರಿಯಾಗಿ ಕಾಣುತ್ತದೆ ನೋಡಿ: "ಹೊರಗೆ log n, ಒಳಗೆ ಹೆಚ್ಚೆಂದರೆ n, ಆದ್ದರಿಂದ n log n." ಹೊರಗಿನ ಲೂಪ್ log n ಸಲ ಓಡುವುದು ನಿಜ. ಒಳಗಿನದು ಹೆಚ್ಚೆಂದರೆ n ಸಲ ಓಡುವುದೂ ನಿಜ. ಆದರೆ ಒಳಗಿನದು n ಸಲ ಓಡುವುದು ಕೊನೆಯ ಸುತ್ತಿನಲ್ಲಿ ಮಾತ್ರ. ಮಿಕ್ಕ ಸುತ್ತುಗಳಿಗೂ ಆ n ಅನ್ನೇ ಹಚ್ಚಿದ್ದು ತಪ್ಪು.

n = 16ಕ್ಕೆ ಬರೆಯಿರಿ. 1 + 2 + 4 + 8 + 16 = 31. ಕೊನೆಯ 16ರ ಹಿಂದಿನದೆಲ್ಲ ಕೂಡಿದರೆ 15. ಅಂದರೆ ಹಿಂದಿನ ಸುತ್ತುಗಳೆಲ್ಲ ಸೇರಿದರೂ ಕೊನೆಯ ಒಂದು ಸುತ್ತಿಗೆ ಒಂದು ಕಮ್ಮಿಯೇ. ಇದು ಯಾವಾಗಲೂ ಹೀಗೇ. ಮಂಡಿಗೆ ಮೊದಲ ದಿನ 1 ಕ್ರೇಟ್, ಮರುದಿನ 2, ಆಮೇಲೆ 4, 8, 16 ಹೀಗೆ ಕಳಿಸಿದರೆ, ಕೊನೆಯ ದಿನದ ಲೋಡೇ ಒಟ್ಟು ಲೋಡಿನ ಅರ್ಧಕ್ಕಿಂತ ಜಾಸ್ತಿ. ಹಾಗಾಗಿ ಒಟ್ಟು ಯಾವತ್ತೂ 2n ಮುಟ್ಟುವುದಿಲ್ಲ. ಉತ್ತರ Θ(n).

n ಎರಡರ ಘಾತ ಅಲ್ಲದಿದ್ದರೆ? n = 1000 ಇಡಿ. `i` 512ಕ್ಕೆ ನಿಲ್ಲುತ್ತದೆ. ಒಟ್ಟು 1023. 2000ಕ್ಕಿಂತ ಕಮ್ಮಿಯೇ. ಏನೂ ಬದಲಾಗಲಿಲ್ಲ.

ಇದೇ ಕೋಡಿನಲ್ಲಿ ಒಂದೇ ಒಂದು ಅಕ್ಷರ ಬದಲಿಸಿ, `j <= i` ಬದಲು `j <= n` ಬರೆಯಿರಿ. ಈಗ ಒಳಗೆ `i` ಇಲ್ಲ. ಪ್ರತಿ ಸುತ್ತಿಗೂ ಪೂರ್ತಿ n. ಈಗ ಗುಣಿಸಬಹುದು. n = 16ಕ್ಕೆ 5 × 16 = 80. ಉತ್ತರ n log n. ಪ್ರಶ್ನೆ ತೆಗೆಯುವವರು ಬದಲಿಸುವುದು ಈ ಒಂದು ಅಕ್ಷರವನ್ನೇ. ಕೋಡನ್ನು ಬೆರಳಿಟ್ಟು ಓದಿ.

### ಆದರೂ O(n log n) ಎಂದು ಬರೆದರೆ ಅದು ಸುಳ್ಳಲ್ಲವಲ್ಲ?

ಸುಳ್ಳಲ್ಲ. ಬಿಗ್ ಓ ಅಂದರೆ "ಇದನ್ನು ದಾಟುವುದಿಲ್ಲ" ಅಂತ. n ದಾಟದ್ದು n log n ಅನ್ನೂ ದಾಟುವುದಿಲ್ಲ, n² ಅನ್ನೂ ದಾಟುವುದಿಲ್ಲ. ಆದರೆ ಪರೀಕ್ಷೆಯಲ್ಲಿ ಕೇಳುವುದು ಅತಿ ಹತ್ತಿರದ ಮಿತಿಯನ್ನು. ಪ್ರಶ್ನೆಯಲ್ಲಿ Θ ಇದ್ದರಂತೂ ಮಾತೇ ಇಲ್ಲ. ಅಲ್ಲಿ n log n ತಪ್ಪು. ಆಯ್ಕೆಗಳಲ್ಲಿ n, n log n, n² ಮೂರೂ ಇದ್ದಾಗ ಬಿಗ್ ಓ ಲೆಕ್ಕದಲ್ಲಿ ಮೂರೂ ನಿಜ. ಗುರುತು ಹಾಕಬೇಕಾದದ್ದು ಅವುಗಳಲ್ಲಿ ಚಿಕ್ಕದಕ್ಕೆ.

### ಮೂರು ಲೂಪ್ ಇದೆ, ನಡುವೆ `if` ಇದೆ. n³ ಬರೆಯಲಾ?

```
for (i = 1; i <= n; i++)
    for (j = 1; j <= n; j++)
        if (i == j)
            for (k = 1; k <= n; k++)
                count++;
```

`if` ಎಷ್ಟು ಸಲ ನಿಜ ಆಗುತ್ತದೆ ಎಂದು ಕೇಳಿಕೊಳ್ಳಿ. ಒಂದೊಂದು `i`ಗೂ ಒಂದೇ ಒಂದು `j` ಹೊಂದುತ್ತದೆ. ಅಂದರೆ ಒಟ್ಟು n ಸಲ. ಅಷ್ಟು ಸಲ `k` ಲೂಪ್ n ಸುತ್ತು ಓಡುತ್ತದೆ. ಅದು n². ಇದರ ಜೊತೆಗೆ `if` ಪರೀಕ್ಷೆಯೂ ಖರ್ಚೇ. ಅದು ನಿಜ ಆಗಲಿ ಬಿಡಲಿ n² ಸಲ ನಡೆಯುತ್ತದೆ. n² ಮತ್ತು n² ಸೇರಿ 2n², ಅಂದರೆ Θ(n²).

`if` ಪರೀಕ್ಷೆಯನ್ನು ಮರೆಯಬೇಡಿ ಎನ್ನಲು ಕಾರಣ ಇದೆ. `k` ಲೂಪ್ ಬದಲು ಅಲ್ಲಿ ಬರೀ `count++` ಇದ್ದಿದ್ದರೆ ಅದು n ಸಲ ಮಾತ್ರ ಓಡುತ್ತಿತ್ತು. ಆಗ ಉತ್ತರ n ಎಂದು ಬರೆದು ಬರುವವರಿದ್ದಾರೆ. ಪರೀಕ್ಷೆ n² ಸಲ ಆಗಿದೆಯಲ್ಲ, ಆ ಸಮಯ ಎಲ್ಲಿ ಹೋಯಿತು?

### `j` ಅನ್ನು ಹೊರಗೆ ಒಂದೇ ಸಲ 0 ಮಾಡಿದರೆ ಏನು ವ್ಯತ್ಯಾಸ?

ಭೂಮಿ ಆಕಾಶದಷ್ಟು ವ್ಯತ್ಯಾಸ.

```
j = 0;
for (i = 0; i < n; i++)
    while (j < n && a[j] < a[i])
        j++;
```

`j` ಮುಂದಕ್ಕೆ ಮಾತ್ರ ಹೋಗುತ್ತದೆ. ಹಿಂದಕ್ಕೆ ಬರುವ ಸಾಲೇ ಕೋಡಿನಲ್ಲಿ ಇಲ್ಲ. n ಮುಟ್ಟಿದರೆ ಕಥೆ ಮುಗಿಯಿತು. ಹಾಗಾಗಿ ಇಡೀ ಪ್ರೋಗ್ರಾಮಿನಲ್ಲಿ `j++` ಹೆಚ್ಚೆಂದರೆ n ಸಲ ಓಡಬಹುದು. ಯಾವ `i`ಗೆ ಎಷ್ಟು ಸಲ ಓಡಿತು ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಹೊರಗಿನ ಲೂಪಿನ n ಸುತ್ತು, `j`ಯ ಹೆಚ್ಚೆಂದರೆ n ಹೆಜ್ಜೆ. ಕೂಡಿ. Θ(n).

`j = 0` ಅನ್ನು `for` ಒಳಗೆ ತಂದಿಟ್ಟರೆ ಪ್ರತಿ `i`ಗೂ `j` ಮೊದಲಿನಿಂದ ಹೊರಡುತ್ತದೆ. ಅರೇಯಲ್ಲಿ ಬೇರೆ ಬೇರೆ ಸಂಖ್ಯೆಗಳು ಏರಿಕೆ ಕ್ರಮದಲ್ಲಿವೆ ಅಂದುಕೊಳ್ಳಿ. ಆಗ `i` ಎಷ್ಟೋ `j` ಅಷ್ಟು ಹೆಜ್ಜೆ ಹಾಕುತ್ತದೆ. ಒಟ್ಟು 0 + 1 + 2 + ... + (n−1), ಅಂದರೆ n(n−1)/2. ವರ್ಸ್ಟ್ ಕೇಸ್ Θ(n²). ಒಂದು ಸಾಲು ಎಲ್ಲಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಇಂಥ ಕೋಡ್ ಬಂದಾಗ ಮೊದಲು `j = 0` ಎಲ್ಲಿದೆ ಎಂದು ಹುಡುಕಿ.

### ಒಂದೇ ಲೂಪ್ ಇದ್ದರೆ ಸುಲಭ ತಾನೇ?

ಬಹಳ ಸಲ ಸುಲಭ. ಇದೊಂದನ್ನು ನೋಡಿಟ್ಟುಕೊಳ್ಳಿ.

```
s = 0; i = 1;
while (s < n) {
    s = s + i;
    i++;
}
```

ನಿಲ್ಲುವುದನ್ನು ನಿರ್ಧರಿಸುವುದು `s`, ಆದರೆ ಒಂದೊಂದು ಹೆಚ್ಚುವುದು `i`. n = 100ಕ್ಕೆ `s` 1, 3, 6, 10, 15 ಹೀಗೆ ಹೋಗಿ 91, ಆಮೇಲೆ 105. ಹದಿನಾಲ್ಕೇ ಸುತ್ತು. k ಸುತ್ತಾದ ಮೇಲೆ `s` = k(k+1)/2. ಅದು n ಮುಟ್ಟಬೇಕಾದರೆ k ಸುಮಾರು √(2n) ಆಗಬೇಕು. ಉತ್ತರ Θ(√n).

`i = i * i` ಎಂದು ಬಂದರೆ ಇನ್ನೂ ಬೇಗ. 2ರಿಂದ ಹೊರಟರೆ 4, 16, 256, 65536. n ಒಂದು ಲಕ್ಷ ಇದ್ದರೂ ಐದೇ ಸುತ್ತು. ಅದು log log n. ಶುರು 1 ಇದ್ದರೆ ಮಾತ್ರ 1 × 1 = 1 ಆಗಿ ಲೂಪ್ ಮುಗಿಯುವುದೇ ಇಲ್ಲ. `i = 0`ಯಿಂದ ಹೊರಟು `i *= 2` ಮಾಡಿದರೂ ಅದೇ ಗತಿ. "ಎಲ್ಲಿಂದ ಶುರು" ಎಂದು ಮೊದಲೇ ನೋಡಿ ಅಂದಿದ್ದು ಇದಕ್ಕೇ.

### log ಬೇಸ್ 2 ಅಂತ ಬರೆಯಬೇಕಾ, 3 ಅಂತ ಬರೆಯಬೇಕಾ?

`i *= 3` ಇದ್ದರೆ ಸುತ್ತುಗಳ ಲೆಕ್ಕದಲ್ಲಿ log₃ n ಬರೆಯಿರಿ. ಕೊನೆಯ Θ ಒಳಗೆ ಬೇಸ್ ಬೇಡ. ಬೇಸ್ ಬದಲಾದರೆ ಒಂದು ಸ್ಥಿರ ಸಂಖ್ಯೆಯಿಂದ ಗುಣಿಸಿದಂತೆ, ಅಷ್ಟೇ.

### ಪರೀಕ್ಷಾ ಹಾಲ್‌ನಲ್ಲೇ ಉತ್ತರ ಸರಿಯಾ ಅಂತ ಗೊತ್ತು ಮಾಡಿಕೊಳ್ಳೋದು ಹೇಗೆ?

n ಅನ್ನು ಎರಡು ಪಟ್ಟು ಮಾಡಿ ನೋಡಿ. ರಫ್ ಕೆಲಸಕ್ಕೆ 8, 16, 32 ಸಾಕು.

ಮೇಲಿನ `i *= 2`, `j <= i` ಕೋಡಿಗೆ ಎಣಿಕೆ 15, 31, 63 ಬರುತ್ತದೆ. ಹೆಚ್ಚು ಕಡಿಮೆ ಎರಡೆರಡು ಪಟ್ಟು. ಅದು n. ನಿಜವಾದ n² ಆಗಿದ್ದರೆ 64, 256, 1024, ಅಂದರೆ ನಾಲ್ಕು ನಾಲ್ಕು ಪಟ್ಟು. `j += i` ಕೋಡಿಗೆ 24, 61, 145. ಮೊದಲು 2.5 ಪಟ್ಟು, ಆಮೇಲೆ ಸುಮಾರು 2.4 ಪಟ್ಟು. ಎರಡಕ್ಕಿಂತ ಸ್ವಲ್ಪ ಜಾಸ್ತಿ, ಮತ್ತೆ ಮೆಲ್ಲಗೆ ಎರಡರ ಕಡೆಗೆ ಇಳಿಯುತ್ತಿದೆ. n log n ನಡೆಯುವ ರೀತಿಯೇ ಇದು.

ಇದು ತಪ್ಪು ಹಿಡಿಯೋಕೆ ಒಳ್ಳೆಯದು. n² ಬರೆದಿಟ್ಟು ಇಲ್ಲಿ 2.4 ಕಂಡರೆ ತಕ್ಷಣ ಎಚ್ಚರ ಆಗುತ್ತದೆ. ಆದರೆ ಇದನ್ನೇ ಉತ್ತರ ಅಂತ ಬರೆಯಬೇಡಿ. ಚಿಕ್ಕ n ನೋಡಿ n log n ಮತ್ತು n ನಡುವೆ ತೀರ್ಮಾನ ಹೇಳುವುದು ಕಷ್ಟ. ಉತ್ತರದಲ್ಲಿ ಕೂಡುವ ಲೆಕ್ಕವೇ ಇರಬೇಕು.

### ಉತ್ತರ ಹೇಗೆ ಬರೆದರೆ ಪೂರ್ತಿ ಅಂಕ ಸಿಗುತ್ತೆ?

ವಿಟಿಯು ಥರದ ವಿವರವಾಗಿ ಬರೆಯುವ ಪರೀಕ್ಷೆಯಲ್ಲಿ ಬರೀ "Θ(n)" ಎಂದು ಬರೆದು ಬರಬೇಡಿ. ನಾನು ತಿದ್ದುವಾಗ ಹುಡುಕುವುದು ನಾಲ್ಕು ಸಾಲು. ಬೇಸಿಕ್ ಆಪರೇಷನ್ ಯಾವುದು. ಒಂದು `i`ಗೆ ಅದು ಎಷ್ಟು ಸಲ. ಎಲ್ಲ `i`ಗಳಿಗೂ ಸೇರಿಸಿ ಬರೆದ ಸಮೇಷನ್. ಅದನ್ನು ಬಿಡಿಸಿ ಬಂದ ಉತ್ತರ. ಸಮೇಷನ್ ಸರಿ ಇದ್ದು ಬಿಡಿಸುವಾಗ ಎಡವಿದ್ದರೆ ನಾನು ಅಂಕ ಕೊಡುತ್ತೇನೆ. ಬರೀ ತಪ್ಪು ಉತ್ತರ ಇದ್ದರೆ ಕೊಡಲು ಅಲ್ಲಿ ಏನೂ ಇರುವುದಿಲ್ಲ.

### ಗೇಟ್ ಪ್ರಶ್ನೆಯಲ್ಲಿ ನನ್ನ ಲೆಕ್ಕ ಸರಿ ಇತ್ತು, ಆದರೂ ಉತ್ತರ ಬೇರೆ. ಯಾಕೆ?

ಬಹುಶಃ ಪ್ರಶ್ನೆ ಸಮಯವನ್ನು ಕೇಳಿರಲಿಲ್ಲ. 2013ರ ಗೇಟ್ ಕಂಪ್ಯೂಟರ್ ಸೈನ್ಸ್ ಪತ್ರಿಕೆಯಲ್ಲಿ ಹೀಗೇ ಒಂದು ಪ್ರಶ್ನೆ ಇತ್ತು. ಅದರ ಲೂಪ್ ಇಷ್ಟು:

```
for (i = n/2; i <= n; i++)
    for (j = 2; j <= n; j = j * 2)
        k = k + n/2;
```

ಒಳಗೆ `i` ಇಲ್ಲ, ಗುಣಿಸಬಹುದು. ಹೊರಗೆ ಸುಮಾರು n/2, ಒಳಗೆ log n. ಓಡುವ ಸಮಯ Θ(n log n). ಆದರೆ ಅಲ್ಲಿ ಕೇಳಿದ್ದು ಫಂಕ್ಷನ್ ಹಿಂದಿರುಗಿಸುವ `k`ಯ ಬೆಲೆಯನ್ನು. ಒಂದೊಂದು ಸಲಕ್ಕೂ `k`ಗೆ ಸೇರುವುದು 1 ಅಲ್ಲ, n/2. ಹಾಗಾಗಿ ಬೆಲೆ Θ(n² log n).

n = 16 ಹಾಕಿ ನೋಡಿ. `i` 8ರಿಂದ 16ರವರೆಗೆ 9 ಸಲ. `j` 2, 4, 8, 16, ಅಂದರೆ 4 ಸಲ. ಸಾಲು ಓಡಿದ್ದು 36 ಸಲ. ಪ್ರತಿ ಸಲ 8 ಸೇರಿ `k` 288 ಆಯಿತು. 36 ಬೇಕೋ 288 ಬೇಕೋ ಎನ್ನುವುದು ಕೋಡಿನಲ್ಲಿ ಇರುವುದಿಲ್ಲ, ಅದರ ಕೆಳಗಿನ ಪ್ರಶ್ನೆಯ ಸಾಲಿನಲ್ಲಿ ಇರುತ್ತದೆ. ಲೆಕ್ಕ ಶುರು ಮಾಡುವ ಮೊದಲೇ ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ.